ರೋಗಿಯ ಕೈ ಕಟ್ಟುವ ಮುನ್ನ: ಸಾಮಾನ್ಯ ವಾರ್ಡಿಗೂ ಬೇಕು ಗಡಿಯಾರದ ಲೆಕ್ಕ

ಮೂಳೆ ಮುರಿದು ಆಸ್ಪತ್ರೆ ಸೇರಿದ ರೋಗಿ ಮೂರನೆಯ ರಾತ್ರಿ ಇದ್ದಕ್ಕಿದ್ದಂತೆ ಡ್ರಿಪ್ ಕಿತ್ತೆಸೆದು ಎದ್ದು ನಿಲ್ಲಲು ಹವಣಿಸುತ್ತಾನೆ. ಗೋಡೆಯ ಮೇಲೆ ಇರುವೆಗಳ ಸಾಲು ಹರಿಯುತ್ತಿದೆ ಎನ್ನುತ್ತಾನೆ. ಹಿಡಿಯಲು ಬಂದ ಸಿಸ್ಟರ್ ಕೈಯನ್ನು ಒದರುತ್ತಾನೆ. ಅಕ್ಕಪಕ್ಕದ ರೋಗಿಗಳು ಎದ್ದು ಕೂರುತ್ತಾರೆ. ಅಷ್ಟರಲ್ಲಿ ಯಾರೋ ಗಾಜ್ ಬ್ಯಾಂಡೇಜಿನ ಸುರುಳಿ ತರುತ್ತಾರೆ, ಇನ್ನಾರೋ ರೋಗಿಯ ಪಂಚೆಯನ್ನೇ ಹಗ್ಗವಾಗಿಸುತ್ತಾರೆ. ಎರಡೂ ಕೈಗಳು ಮಂಚದ ಪಕ್ಕದ ಕಂಬಿಗೆ ಬಿಗಿಯಲ್ಪಡುತ್ತವೆ. ಬೆಳಿಗ್ಗೆ ಕೇಸ್ ಶೀಟ್ ತೆರೆದು ನೋಡಿದರೆ ಅಲ್ಲಿರುವುದು ಒಂದೇ ಸಾಲು: 'ರೋಗಿ ಉಗ್ರನಾಗಿದ್ದ, ಕಟ್ಟಲಾಯಿತು, ಇಂಜೆಕ್ಷನ್ ಕೊಡಲಾಯಿತು.'

ಯಾರು ಆದೇಶಿಸಿದರು, ಎಷ್ಟು ಗಂಟೆಗೆ ಕಟ್ಟಿದರು, ಯಾವ ಔಷಧ, ಎಷ್ಟು ಪ್ರಮಾಣ, ಯಾವಾಗ ಬಿಚ್ಚಿದರು ಎಂಬ ಯಾವ ಪ್ರಶ್ನೆಗೂ ಆ ಸಾಲಿನಲ್ಲಿ ಉತ್ತರವಿಲ್ಲ. ಆಸ್ಪತ್ರೆಗಳು ರೂಪಿಸಿಕೊಳ್ಳಬೇಕಾದ 'ನಿರ್ಬಂಧ ನೀತಿ' ಎಂಬ ದಾಖಲೆ ಇರುವುದೇ ಈ ಪ್ರಶ್ನೆಗಳಿಗಾಗಿ. ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ನೀಡುವ ಎನ್‌ಎಬಿಎಚ್ ಮಾನದಂಡಗಳು ದೈಹಿಕ ಹಾಗೂ ರಾಸಾಯನಿಕ ನಿರ್ಬಂಧ ಎರಡಕ್ಕೂ ಲಿಖಿತ ನೀತಿ ಇರಬೇಕೆಂದು ಕೇಳುತ್ತವೆ. ಮನೋರೋಗ ವಾರ್ಡುಗಳಲ್ಲಿ ಈ ವಿಷಯ ಸ್ವಲ್ಪ ಮಟ್ಟಿಗೆ ಪರಿಚಿತ. ಮೂಳೆ, ಶಸ್ತ್ರಚಿಕಿತ್ಸೆ, ಮೆಡಿಸಿನ್ ವಾರ್ಡುಗಳಲ್ಲಿ ಮಾತ್ರ ರೋಗಿಯನ್ನು ಕಟ್ಟುವುದು ಇಂದಿಗೂ ಚಿಕಿತ್ಸೆಯ ಲೆಕ್ಕಕ್ಕೆ ಬಾರದ, ರಾತ್ರಿ ಪಾಳಿಯ ಖಾಸಗಿ ವ್ಯವಹಾರವಾಗಿಯೇ ಉಳಿದುಬಿಡುತ್ತದೆ.

ಕಾನೂನು ಏನೆನ್ನುತ್ತದೆ?

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಖಾಸಗಿ ಆಶ್ರಯಕ್ಕೆ ಬೆಂಕಿ ಬಿದ್ದಿತು. ಸರಪಳಿಯಲ್ಲಿದ್ದವರು ಓಡಲಾರದೆ ಸತ್ತರು; ಮೃತರ ಸಂಖ್ಯೆ 28ಕ್ಕೆ ಏರಿತು. ಕಟ್ಟುವಿಕೆಯ ಪ್ರಶ್ನೆ ದೇಶದ ಗಮನ ಸೆಳೆದದ್ದು ಆ ದುರಂತದಿಂದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಮು ಸರಪಳಿ ಹಾಕುವುದನ್ನು ಯಾವ ರೂಪದಲ್ಲಿಯೂ ನಿಷೇಧಿಸಿದೆ. 97ನೇ ಕಲಮು ರೋಗಿಯನ್ನು ಒಂಟಿಯಾಗಿ ಕೂಡಿಹಾಕುವುದನ್ನು ನಿಷೇಧಿಸಿ, ದೈಹಿಕ ನಿರ್ಬಂಧಕ್ಕೆ ಷರತ್ತುಗಳನ್ನು ವಿಧಿಸಿದೆ. ರೋಗಿಗೆ ಅಥವಾ ಇತರರಿಗೆ ತಕ್ಷಣದ ಹಾನಿಯನ್ನು ತಡೆಯಲು ಅದೊಂದೇ ಮಾರ್ಗವಾಗಿರಬೇಕು. ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಅನುಮತಿ ಇರಬೇಕು. ಅತ್ಯಗತ್ಯವಾದಷ್ಟು ಹೊತ್ತಿಗಿಂತ ಒಂದು ಕ್ಷಣವೂ ಹೆಚ್ಚು ಕಟ್ಟಿಡಬಾರದು. ಕಟ್ಟಿದ ವಿಧಾನ, ಕಾರಣ ಮತ್ತು ಅವಧಿಯನ್ನು ಕೂಡಲೇ ರೋಗಿಯ ದಾಖಲೆಯಲ್ಲಿ ಬರೆಯಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಎಲ್ಲ ಪ್ರಕರಣಗಳನ್ನೂ ಪ್ರತಿ ತಿಂಗಳು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಮಾಡಬೇಕು. ಶಿಕ್ಷೆಯಾಗಿ ಕಟ್ಟುವಂತಿಲ್ಲ. ಸಿಬ್ಬಂದಿ ಕೊರತೆ ಎಂಬ ಏಕೈಕ ಕಾರಣಕ್ಕೂ ಕಟ್ಟುವಂತಿಲ್ಲ. ನಮ್ಮ ವಾರ್ಡುಗಳ ಸ್ಥಿತಿ ಬಲ್ಲವರಿಗೆ ಈ ಕೊನೆಯ ಮಾತಿನ ತೂಕ ತಿಳಿಯದಿರದು.

ಮೂಳೆ ವಾರ್ಡಿಗೂ ಈ ಕಾಯ್ದೆಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಮಾನಸಿಕ ಅಸ್ವಸ್ಥರನ್ನು ದಾಖಲಿಸಿಕೊಂಡು ಆರೈಕೆ ಮಾಡುವ ಸಾಮಾನ್ಯ ಆಸ್ಪತ್ರೆಗಳನ್ನೂ ಕಾಯ್ದೆಯ ವ್ಯಾಖ್ಯೆ ಒಳಗೊಳ್ಳುತ್ತದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನು ಅದು ಮಾನಸಿಕ ಅಸ್ವಸ್ಥತೆಯ ವ್ಯಾಪ್ತಿಗೇ ಸೇರಿಸಿದೆ. ಜ್ವರ ಅಥವಾ ಸೋಡಿಯಂ ಇಳಿಕೆಯಿಂದ ಬರುವ ಸನ್ನಿಯ ವಿಷಯದಲ್ಲಿ ಅಕ್ಷರಶಃ ವಾದ ಸಾಧ್ಯ. ಆದರೆ ಬಿಗಿದ ಗಂಟಿನಿಂದ ಕೈಗೆ ಆಗುವ ಹಾನಿ ರೋಗದ ಹೆಸರನ್ನು ಕೇಳಿಕೊಂಡು ಬರುವುದಿಲ್ಲವಾದ್ದರಿಂದ, ಎಲ್ಲ ವಾರ್ಡುಗಳಿಗೂ ಒಂದೇ ನಿಯಮ ಇಟ್ಟುಕೊಳ್ಳುವುದು ವಿವೇಕ.

ಕಾಯ್ದೆ ಎರಡು ಕಡೆ ಮೌನವಾಗಿದೆ. 'ಅತ್ಯಗತ್ಯವಾದಷ್ಟು ಹೊತ್ತು' ಎಂದರೆ ಎಷ್ಟು ಗಂಟೆ ಎಂದು 97ನೇ ಕಲಮು ಹೇಳುವುದಿಲ್ಲ. ಔಷಧದ ಮೂಲಕ ಹೇರುವ ನಿರ್ಬಂಧವನ್ನು ಅದು ಹೆಸರಿಸುವುದೂ ಇಲ್ಲ. ಆಸ್ಪತ್ರೆಯ ನೀತಿಪತ್ರ ತುಂಬಬೇಕಾದ ಜಾಗ ಇವೆರಡೇ. ಗಂಟೆಯ ಲೆಕ್ಕಕ್ಕೆ ಹಲವರು ನೋಡುವುದು ಅಮೆರಿಕದ ಸರ್ಕಾರಿ ಆರೋಗ್ಯ ವಿಮಾ ಯೋಜನೆಗಳಾದ ಮೆಡಿಕೇರ್, ಮೆಡಿಕೇಡ್‌ಗಳ ನಿಯಮವನ್ನು. ಉಗ್ರ ವರ್ತನೆಗಾಗಿ ವಯಸ್ಕರನ್ನು ನಿರ್ಬಂಧಿಸುವ ಒಂದು ಆದೇಶಕ್ಕೆ ಅಲ್ಲಿ ಗರಿಷ್ಠ 4 ಗಂಟೆಯ ಆಯುಸ್ಸು. 9ರಿಂದ 17 ವಯಸ್ಸಿನವರಿಗೆ 2 ಗಂಟೆ, ಅದಕ್ಕೂ ಚಿಕ್ಕವರಿಗೆ 1 ಗಂಟೆ. ನಿರ್ಬಂಧ ಆರಂಭವಾದ ಒಂದು ಗಂಟೆಯೊಳಗೆ ವೈದ್ಯರು ಅಥವಾ ತರಬೇತಿ ಪಡೆದ ಅರ್ಹರು ರೋಗಿಯನ್ನು ಮುಖತಃ ಪರೀಕ್ಷಿಸಬೇಕು. 'ಬೇಕೆನಿಸಿದಾಗ ಕಟ್ಟಿ' ಎಂಬ ಮುಂಗಡ ಆದೇಶಕ್ಕೆ ಅವಕಾಶವಿಲ್ಲ.

ಚಿಕಿತ್ಸೆಯೋ, ನಿರ್ಬಂಧವೋ?

ಒಂದೇ ಇಂಜೆಕ್ಷನ್ ಒಬ್ಬ ರೋಗಿಗೆ ಚಿಕಿತ್ಸೆಯೂ ಇನ್ನೊಬ್ಬನಿಗೆ ನಿರ್ಬಂಧವೂ ಆಗಬಹುದು. ಕುಡಿತ ನಿಂತ ಮೂರನೆಯ ದಿನ ಸನ್ನಿಗೆ ಒಳಗಾದವನಿಗೆ ಲೊರಾಜೆಪಾಮ್ ಕೊಟ್ಟರೆ ಅದು ಆ ರೋಗಕ್ಕೇ ಇರುವ ಮದ್ದು. ಮಧ್ಯರಾತ್ರಿ ಮಗಳ ಹೆಸರು ಕೂಗುತ್ತಿರುವ ಎಂಬತ್ತರ ಅಜ್ಜಿಗೆ, ವಾರ್ಡು ಸದ್ದಿಲ್ಲದಿರಲಿ ಎಂದು ಅದೇ ಔಷಧ ಕೊಟ್ಟರೆ ಅದು ಕಣ್ಣಿಗೆ ಕಾಣದ ಹಗ್ಗ. ಆ ವಯಸ್ಸಿನವರಲ್ಲಿ ಅದು ಸನ್ನಿಯನ್ನು ಇನ್ನಷ್ಟು ಕೆರಳಿಸುವುದೂ ಉಂಟು. ಆದ್ದರಿಂದ ಔಷಧದ ಹೆಸರಿನ ಪಕ್ಕದಲ್ಲಿ ಅದನ್ನು ಯಾವ ಸ್ಥಿತಿಗಾಗಿ ಕೊಡಲಾಗುತ್ತಿದೆ ಎಂದು ಬರೆಯುವುದನ್ನು ಒಳ್ಳೆಯ ನೀತಿಪತ್ರ ಕಡ್ಡಾಯಗೊಳಿಸುತ್ತದೆ. ಬರೆಯಲು ರೋಗದ ಹೆಸರು ಸಿಗದೆ 'ಗಲಾಟೆ' ಎಂಬ ಪದ ಮಾತ್ರ ಸಿಕ್ಕರೆ ಅದು ರಾಸಾಯನಿಕ ನಿರ್ಬಂಧ. ಹಗ್ಗಕ್ಕೆ ಅನ್ವಯಿಸುವ ಎಲ್ಲ ನಿಯಮಗಳೂ ಅದಕ್ಕೆ ಅನ್ವಯಿಸಬೇಕು.

ನಮ್ಮ ಕೇಸ್ ಶೀಟುಗಳಲ್ಲಿ ಸಾಮಾನ್ಯವಾಗಿ ಕಾಣುವ 'ಹ್ಯಾಲೊಪೆರಿಡಾಲ್ 5 ಮಿ.ಗ್ರಾಂ., ಎಸ್.ಒ.ಎಸ್.' ಎಂಬ ಸಾಲು ಅಪಾಯಕಾರಿಯಾಗುವುದು ಇಲ್ಲಿಯೇ. ಬೆಳಿಗ್ಗೆ ಬರೆದ ಈ ಆದೇಶ ರಾತ್ರಿ ಯಾರ ಕೈಗೆ ಯಾವ ಸಂದರ್ಭದಲ್ಲಿ ಸಿಗುತ್ತದೆ ಎಂಬುದು ಬರೆದವರಿಗೆ ತಿಳಿದಿರುವುದಿಲ್ಲ. ವೃದ್ಧರಲ್ಲಿ ಇದೇ ಔಷಧವನ್ನು ಅರ್ಧ ಮಿ.ಗ್ರಾಂ.ನಿಂದ ಆರಂಭಿಸುವುದು ವಾಡಿಕೆ. ಹೃದಯದ ಲಯ ಏರುಪೇರಾಗುವ ಸಂಭವ ಇರುವುದರಿಂದ ಸಾಧ್ಯವಿದ್ದಲ್ಲಿ ಮೊದಲು ಇಸಿಜಿ ನೋಡಬೇಕಾಗುತ್ತದೆ. ಮದ್ಯ ಬಿಟ್ಟ ಸನ್ನಿಯಲ್ಲಿ ಇದನ್ನೊಂದನ್ನೇ ಕೊಟ್ಟರೆ ಮೂಲ ರೋಗಕ್ಕೆ ಮದ್ದಾಗುವುದಿಲ್ಲ, ಮೇಲಾಗಿ ಫಿಟ್ಸ್ ಬರುವ ಸಾಧ್ಯತೆ ಹೆಚ್ಚುತ್ತದೆ.

ಔಷಧಗಳ ಆಯ್ಕೆಯ ಬಗ್ಗೆ ನೆರೆಯ ವೆಲ್ಲೂರಿನಲ್ಲಿಯೇ ಉತ್ತಮ ಅಧ್ಯಯನ ನಡೆದಿದೆ. 2004ರಲ್ಲಿ ಪ್ರಕಟವಾದ ಅದರಲ್ಲಿ 200 ಉದ್ರಿಕ್ತ ರೋಗಿಗಳ ಪೈಕಿ ಕೆಲವರಿಗೆ ಲೊರಾಜೆಪಾಮ್, ಉಳಿದವರಿಗೆ ಹ್ಯಾಲೊಪೆರಿಡಾಲ್ ಜೊತೆ ಪ್ರೊಮೆಥಜಿನ್ ನೀಡಿ ಹೋಲಿಸಲಾಯಿತು. ಎರಡೂ ಕೆಲಸ ಮಾಡಿದವು. ಜೋಡಿ ಔಷಧ ಬೇಗ ಶಾಂತಗೊಳಿಸಿತು. ಆದರೆ ಅದು ಮನೋರೋಗದ ತುರ್ತು ವಿಭಾಗದ ಅಧ್ಯಯನ. ತೊಡೆಮೂಳೆ ಮುರಿದ, ತಲೆಗೂ ಪೆಟ್ಟು ಬಿದ್ದಿರಬಹುದಾದ ವಾರ್ಡಿನ ರೋಗಿಗೆ ಅದನ್ನು ಕಣ್ಣುಮುಚ್ಚಿ ಅನ್ವಯಿಸಲಾಗದು.

ಒಂದು ರಾತ್ರಿಯ ದಾಖಲೆ

ನೀತಿ ಹೇಗೆ ನಡೆಯಬೇಕೆಂಬುದನ್ನು ತಿಳಿಯಲು ಒಂದು ಕಲ್ಪಿತ ಪ್ರಕರಣವನ್ನು ಗಡಿಯಾರದೊಂದಿಗೆ ಅನುಸರಿಸಬಹುದು. ರೋಗಿ 46 ವರ್ಷದ ಗಾರೆ ಕೆಲಸಗಾರ. ಸಾರುವೆಯಿಂದ ಬಿದ್ದು ಎಡಗಾಲು ಮುರಿದಿದೆ. ದಾಖಲಾಗಿ ಮೂರನೆಯ ರಾತ್ರಿ. ದಾಖಲಾತಿ ಹಾಳೆಯಲ್ಲಿ ಮದ್ಯಪಾನದ ಎದುರು 'ಅಪರೂಪಕ್ಕೆ' ಎಂದು ಬರೆದಿದೆ.

ರಾತ್ರಿ 10.40. ಸಿಸ್ಟರ್ ಬರೆಯುವುದು 'ಉಗ್ರನಾಗಿದ್ದಾನೆ' ಎಂದಲ್ಲ. 'ಡ್ರಿಪ್ ಕಿತ್ತಿದ್ದಾನೆ, ಮುರಿದ ಕಾಲಿನ ಮೇಲೆ ಎರಡು ಬಾರಿ ಭಾರ ಹಾಕಿದ್ದಾನೆ, ಗೋಡೆಯ ಮೇಲೆ ಇರುವೆ ಇದೆ ಎನ್ನುತ್ತಾನೆ, ಕೈ ನಡುಗುತ್ತಿದೆ, ಮೈ ಬೆವರಿದೆ' ಎಂದು ಬರೆಯುತ್ತಾರೆ. ಮೊದಲ ಪದ ತೀರ್ಪು, ಎರಡನೆಯದು ಸಾಕ್ಷ್ಯ. ಓದುವ ವೈದ್ಯರಿಗೆ ಇದರಿಂದಲೇ ಅರ್ಧ ರೋಗನಿರ್ಣಯ ಸಿಗುತ್ತದೆ.

ಮೊದಲ ಹತ್ತು ನಿಮಿಷ ಕಟ್ಟದೆಯೇ ಮಾಡುವ ಯತ್ನಕ್ಕೆ ಮೀಸಲು. ದೀಪ ಹಾಕುತ್ತಾರೆ. ಹೊರಗೆ ವರಾಂಡದಲ್ಲಿ ಮಲಗಿದ್ದ ಹೆಂಡತಿಯನ್ನು ಒಳಗೆ ಕರೆಯುತ್ತಾರೆ. ಒಬ್ಬರು ಮಾತ್ರ ಮಾತನಾಡುತ್ತಾರೆ. ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ: 104. ಬೆರಳಿಗೆ ಸಿಕ್ಕಿಸುವ ಉಪಕರಣದಲ್ಲಿ ಆಮ್ಲಜನಕ 97. ಸಕ್ಕರೆ ಇಳಿದಿದ್ದರೆ ಗ್ಲೂಕೋಸ್, ಮೂತ್ರ ಕಟ್ಟಿದ್ದರೆ ಕ್ಯಾತಿಟರ್, ನೋವಿದ್ದರೆ ನೋವಿನ ಮದ್ದು ಸಾಕಾಗುತ್ತಿತ್ತು. ಇಂತಹ ಕಾರಣಗಳನ್ನು ಹುಡುಕದೆ ಕಟ್ಟಿದ ರೋಗಿ ಕಟ್ಟಿನಲ್ಲಿಯೇ ಪ್ರಜ್ಞೆ ತಪ್ಪಿದಾಗ, ಅವನು ಶಾಂತನಾದನೆಂದು ಎಲ್ಲರೂ ನೆಮ್ಮದಿಪಡುವ ಅಪಾಯವಿದೆ.

10.50. ರೋಗಿ ಮತ್ತೆ ಎದ್ದು ನಿಲ್ಲುತ್ತಾನೆ. ಡ್ಯೂಟಿ ಡಾಕ್ಟರಿಗೆ ಫೋನ್ ಹೋಗಿ, ಅವರ ಸೂಚನೆಯಂತೆ ಕಟ್ಟುವ ನಿರ್ಧಾರವಾಗುತ್ತದೆ. ಇದಕ್ಕೆ ಐವರು ಬೇಕು: ಕೈಕಾಲುಗಳಿಗೆ ನಾಲ್ವರು, ತಲೆಯ ಬಳಿ ಒಬ್ಬರು. ತಲೆಯ ಬಳಿ ಇರುವವರೇ ರೋಗಿಯೊಂದಿಗೆ ಮಾತನಾಡುತ್ತ, ಉಸಿರಾಟವನ್ನು ಗಮನಿಸುತ್ತಿರಬೇಕು. ಮಲಗಿಸುವುದು ಬೆನ್ನಿನ ಮೇಲೆ, ತಲೆಯ ಭಾಗ ಸ್ವಲ್ಪ ಎತ್ತರದಲ್ಲಿ. ಬೋರಲು ಮಲಗಿಸಿ ಬೆನ್ನಿನ ಮೇಲೆ ಭಾರ ಹಾಕಿದರೆ ಉಸಿರುಗಟ್ಟಿ ಸಾವು ಸಂಭವಿಸಬಹುದು. ಎದೆಯ ಮೇಲೂ ಪಟ್ಟಿ ಹಾಯಬಾರದು. ಅಗಲವಾದ, ಹತ್ತಿ ತುಂಬಿದ ಬಟ್ಟೆಪಟ್ಟಿಯೇ ಬೇಕು. ಗಾಜ್ ಬ್ಯಾಂಡೇಜ್ ಎಳೆದಷ್ಟೂ ಹಗ್ಗದಂತೆ ತೆಳ್ಳಗಾಗಿ ಚರ್ಮವನ್ನು ಕೊಯ್ಯುತ್ತದೆ. ಪಟ್ಟಿ ಮತ್ತು ಚರ್ಮದ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಬೇಕು. ಕಟ್ಟುವುದು ಮಂಚದ ಚೌಕಟ್ಟಿಗೆ, ಪಕ್ಕದ ಕಂಬಿಗಲ್ಲ; ಕಂಬಿ ಇಳಿಸಿದಾಗ ಕೈ ಸೆಳೆದು ಭುಜಕ್ಕೆ ಪೆಟ್ಟಾಗುತ್ತದೆ. ಈ ರೋಗಿಯ ಎರಡು ಕೈ ಮತ್ತು ಬಲಗಾಲಿಗೆ ಮಾತ್ರ ಪಟ್ಟಿ. ಮುರಿದ ಕಾಲನ್ನು ಕಟ್ಟುವುದಿಲ್ಲ.

11.10. ವೈದ್ಯರು ಬಂದು ಪರೀಕ್ಷಿಸಿ ಲಿಖಿತ ಆದೇಶ ನೀಡುತ್ತಾರೆ. ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೇಳಿದಾಗ, ಪ್ರತಿದಿನ ಸಂಜೆ ಎರಡು ಕ್ವಾರ್ಟರ್, ಬಿದ್ದ ದಿನದಿಂದ ಇಲ್ಲ ಎಂಬ ಉತ್ತರ ಬರುತ್ತದೆ. ಕುಡಿತ ನಿಂತ ಎರಡರಿಂದ ನಾಲ್ಕನೆಯ ದಿನದಲ್ಲಿ ಬರುವ ಸನ್ನಿಗೆ ಚಿತ್ರ ಹೊಂದುತ್ತದೆ. ಆದರೂ ಮೇಲಿನಿಂದ ಬಿದ್ದ ರೋಗಿಯಾದ್ದರಿಂದ ಕಣ್ಣಿನ ಪಾಪೆ ಸಮವಿದೆಯೇ ಎಂದು ನೋಡಿ ಬರೆಯುತ್ತಾರೆ. ಬಿದ್ದ ದಿನ ತಲೆಯ ಸ್ಕ್ಯಾನ್ ಆಗಿರಲಿಲ್ಲ. ಶಾಂತನಾದ ಕೂಡಲೇ ಮಾಡಿಸಬೇಕೆಂದೂ ಬರೆಯುತ್ತಾರೆ. ಆದೇಶದ ಆಯುಸ್ಸು ಕಟ್ಟಿದ ಹೊತ್ತಿನಿಂದ ನಾಲ್ಕು ಗಂಟೆ, ಅಂದರೆ 2.50ರವರೆಗೆ. ಅಲ್ಲಿಂದ ಮುಂದೆ ಬೇಕಿದ್ದರೆ ವೈದ್ಯರು ಮತ್ತೆ ಬಂದು ನೋಡಿ ಹೊಸ ಆದೇಶ ಬರೆಯಬೇಕು. ಹಳೆಯದರ ಕೆಳಗೆ 'ಮುಂದುವರಿಸಿ' ಎಂದು ಗೀಚುವಂತಿಲ್ಲ.

11.15. ಹೊಸ ಡ್ರಿಪ್ ಹಾಕಿ, ಲೊರಾಜೆಪಾಮ್ 2 ಮಿ.ಗ್ರಾಂ. ಅನ್ನು ನೀರಾಗಿಸಿ ನಿಧಾನವಾಗಿ ನರಕ್ಕೆ ಕೊಡುತ್ತಾರೆ. ಥಯಾಮಿನ್ ಕೂಡ ಆರಂಭವಾಗುತ್ತದೆ. ಮದ್ಯವ್ಯಸನಿಗೆ ಗ್ಲೂಕೋಸ್ ಡ್ರಿಪ್ ಹಾಕುವುದಿದ್ದರೆ ಈ ವಿಟಮಿನ್ ಅದಕ್ಕಿಂತ ಮುಂಚೆ ಹೋಗಬೇಕು. 11.35ಕ್ಕೂ ಚಡಪಡಿಕೆ ತಗ್ಗದ ಕಾರಣ ಇನ್ನೊಂದು 2 ಮಿ.ಗ್ರಾಂ. ಇಲ್ಲಿಂದ ಪ್ರತಿ 15 ನಿಮಿಷಕ್ಕೊಮ್ಮೆ ಸಿಸ್ಟರ್ ನೋಡಿ ಬರೆಯುವುದು: ನಿಮಿಷಕ್ಕೆ ಎಷ್ಟು ಉಸಿರು, ಆಮ್ಲಜನಕ, ನಾಡಿ, ರಕ್ತದೊತ್ತಡ, ಹೆಸರು ಕರೆದರೆ ಕಣ್ಣು ತೆರೆಯುತ್ತಾನೆಯೇ, ಬೆರಳುಗಳ ಬಣ್ಣ ಮತ್ತು ಬಿಸಿ. ಗೊರಕೆ ಕೇಳಿದರೆ ಚೆನ್ನಾಗಿ ನಿದ್ದೆ ಬಂದಿದೆ ಎಂದು ತಿಳಿಯಬಾರದು. ಔಷಧ ಕೊಟ್ಟ ಮೇಲಿನ ಗೊರಕೆ ಶ್ವಾಸಮಾರ್ಗ ಮುಚ್ಚುತ್ತಿರುವ ಸೂಚನೆಯಾಗಿರಬಹುದು. ಉಸಿರು ನಿಮಿಷಕ್ಕೆ 10ಕ್ಕಿಂತ ಇಳಿದರೆ ವೈದ್ಯರನ್ನು ಕೂಡಲೇ ಕರೆಯಬೇಕು.

ಕೈ ಕಟ್ಟಿದ್ದು ಮತ್ತು ಔಷಧ ಕೊಟ್ಟಿದ್ದು ಒಟ್ಟಿಗೆ ಸೇರುವ ಈ ಹೊತ್ತೇ ಅತ್ಯಂತ ಅಪಾಯದ್ದು. ಮಂಪರಿನಲ್ಲಿರುವ ಮನುಷ್ಯನಿಗೆ ವಾಂತಿಯಾದರೆ ಪಕ್ಕಕ್ಕೆ ಹೊರಳಲೂ ಆಗದು. ಔಷಧ ಹಿಡಿಯುತ್ತಿದ್ದಂತೆ ಪಟ್ಟಿ ಬಿಚ್ಚಲು ಶುರುಮಾಡಬೇಕೆಂಬ ನಿಯಮ ಇದಕ್ಕಾಗಿಯೇ. ವಾಸ್ತವದಲ್ಲಿ ನಡೆಯುವುದು ಅದಕ್ಕೆ ತದ್ವಿರುದ್ಧ: ರೋಗಿ ಮಲಗಿದನೆಂದು ಮೇಲೆ ಹೊದಿಕೆ ಹೊದಿಸುತ್ತಾರೆ, ಹೊದಿಕೆಯ ಕೆಳಗಿನ ಕಟ್ಟು ಮರೆತುಹೋಗುತ್ತದೆ.

12.15. ಉಸಿರು 16, ಹೆಸರು ಕರೆದರೆ 'ಏನ್ರಿ' ಎನ್ನುತ್ತಾನೆ. 12.30ಕ್ಕೆ ಬಲಗೈ ಬಿಚ್ಚಿ ಕಾಲು ಗಂಟೆ ನೋಡುತ್ತಾರೆ. 12.45ಕ್ಕೆ ಎಡಗೈ. 1.00ಕ್ಕೆ ಬಲಗಾಲು. ನೀರು ಕುಡಿಸುವುದು, ಮೂತ್ರಕ್ಕೆ ಅವಕಾಶ, ಪಟ್ಟಿ ಇದ್ದ ಜಾಗದ ಚರ್ಮ ನೋಡುವುದು ಈ ಹೊತ್ತಿನ ಕೆಲಸಗಳು. ಕಟ್ಟು ಮುಂದುವರಿದಿದ್ದರೂ ಎರಡು ಗಂಟೆಗೊಮ್ಮೆ ಒಂದೊಂದೇ ಅಂಗವನ್ನು ಬಿಚ್ಚಿ ಆಡಿಸಿ ಇವೆಲ್ಲವನ್ನೂ ಮಾಡಲೇಬೇಕಿತ್ತು. ದಾಖಲೆಯ ಕೊನೆಯ ಸಾಲು: ಒಟ್ಟು ಅವಧಿ 2 ಗಂಟೆ 10 ನಿಮಿಷ. ಬಳಿಕ ಸಿಸ್ಟರ್ ಜೊತೆಯಲ್ಲಿ ಸ್ಕ್ಯಾನ್‌ಗೆ ಕಳುಹಿಸಲಾಗುತ್ತದೆ. ಹೆಂಡತಿ ಎದುರಿಗೇ ಇದ್ದರೂ, ಅವರಿಗೆ ವಿವರಿಸಿದ ಸಮಯ ಬರೆದು ಸಹಿ ಪಡೆಯಲಾಗುತ್ತದೆ. ರೋಗಿ ಯಾರನ್ನೂ ನೇಮಿಸಿರದಿದ್ದಲ್ಲಿ ಸಂಬಂಧಿಕರು ನಾಮನಿರ್ದೇಶಿತ ಪ್ರತಿನಿಧಿಯಾಗಲು ಕಾಯ್ದೆ ಅವಕಾಶ ಕೊಡುತ್ತದೆ.

ಹಾಳೆ ಸುಳ್ಳು ಹೇಳಿದಾಗ

ಹಾಳೆ ಭರ್ತಿಯಾಗಿದೆ ಎಂದ ಮಾತ್ರಕ್ಕೆ ರೋಗಿಯನ್ನು ನೋಡಲಾಗಿದೆ ಎಂದರ್ಥವಲ್ಲ. ಪಾಳಿ ಮುಗಿಯುವಾಗ ಒಟ್ಟಿಗೆ ತುಂಬಿದ ಹಾಳೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಎಲ್ಲ ಸಾಲುಗಳೂ ಒಂದೇ ಶಾಯಿ, ಒಂದೇ ಓರೆ. ಸಮಯ 11.00, 11.15, 11.30 ಎಂದು ಒಂದು ನಿಮಿಷವೂ ಆಚೀಚೆ ಇಲ್ಲ. ನಾಡಿ ಆದಿಯಿಂದ ಅಂತ್ಯದವರೆಗೆ 80, ಉಸಿರು 18. ಸಿಸ್ಟರ್ ಬೇರೆ ವಾರ್ಡಿನಲ್ಲಿ ಹೆಣ ಕಳುಹಿಸುತ್ತಿದ್ದ ಹೊತ್ತಿಗೂ ಇಲ್ಲಿ ದಾಖಲೆಯಿದೆ. ನಿಜವಾದ ಹಾಳೆಯಲ್ಲಿ 11.17, 11.34 ಇರುತ್ತವೆ, ತಪ್ಪಿಹೋದ ಒಂದೆರಡು ಸಾಲುಗಳೂ ಇರುತ್ತವೆ. ತಪ್ಪಿದ ಸಾಲಿಗೆ ಕಾರಣ ಕೇಳುವ ಮೇಲಧಿಕಾರಿ, ಸುಳ್ಳು ಸಾಲಿಗೆ ದಾರಿ ಮಾಡಿಕೊಡುತ್ತಿಲ್ಲವೇ ಎಂಬುದನ್ನೂ ಯೋಚಿಸಬೇಕಾಗುತ್ತದೆ.

ಇನ್ನೊಂದು ಬಗೆಯ ಪ್ರಕರಣ ಹಾಳೆಗೇ ಬರುವುದಿಲ್ಲ. ರಾತ್ರಿ ಎಚ್ಚರವಿದ್ದು ಸಾಕಾದ ರೋಗಿಯ ಕಡೆಯವರೇ ಟವೆಲಿನಿಂದಲೋ ಸೀರೆಯ ಸೆರಗಿನಿಂದಲೋ ಕೈ ಕಟ್ಟುತ್ತಾರೆ. 'ನಾವು ಕಟ್ಟಿಲ್ಲ, ಅವರೇ ಕಟ್ಟಿದ್ದು' ಎಂಬುದು ವಾರ್ಡಿನ ಉತ್ತರ. ವಾರ್ಡಿನೊಳಗೆ ಸಿಬ್ಬಂದಿಗೆ ತಿಳಿದಂತೆ ಯಾರು ಕಟ್ಟಿದರೂ ಅದು ಆಸ್ಪತ್ರೆಯ ನಿರ್ಬಂಧವೇ ಎಂದು ನೀತಿಪತ್ರದಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ಈ ಬಾಗಿಲು ತೆರೆದೇ ಇರುತ್ತದೆ.

ಮರುದಿನದ ಪರಿಶೀಲನೆ

ಘಟನೆಯ ಮರುದಿನ ವೈದ್ಯರು, ಪಾಳಿಯಲ್ಲಿದ್ದ ಸಿಸ್ಟರ್‌ಗಳು, ವಾರ್ಡಿನ ಮುಖ್ಯಸ್ಥೆ ಹಾಳೆಯನ್ನು ಮುಂದಿಟ್ಟುಕೊಂಡು ಹದಿನೈದು ನಿಮಿಷ ಕುಳಿತುಕೊಳ್ಳಬೇಕು. ಸಾಧ್ಯವಾದರೆ ರೋಗಿಯನ್ನೂ ಅವನ ಕಡೆಯವರನ್ನೂ ಮಾತನಾಡಿಸಬೇಕು. ಮೇಲಿನ ಪ್ರಕರಣದಲ್ಲಿ ಕಟ್ಟಿದ ವಿಧಾನದಲ್ಲಿ ದೋಷವಿಲ್ಲ. ದೋಷ ಇರುವುದು ಮೂರು ದಿನ ಹಿಂದಿನ ದಾಖಲಾತಿ ಹಾಳೆಯಲ್ಲಿ. 'ಅಪರೂಪಕ್ಕೆ' ಎಂಬ ಪದ ರೋಗಿಯ ತಮ್ಮ, ಬಂಧುಗಳ ಎದುರು ಸಂಕೋಚದಿಂದ ಹೇಳಿದ್ದು. ಎಷ್ಟು, ಕೊನೆಯ ಬಾರಿ ಯಾವಾಗ ಎಂಬ ಎರಡು ಪ್ರಶ್ನೆಗಳನ್ನು ರೋಗಿಯನ್ನೇ ಒಬ್ಬನನ್ನಾಗಿ ಕೇಳಿದ್ದರೆ ಮೊದಲ ದಿನವೇ ಮಾತ್ರೆ ಆರಂಭವಾಗುತ್ತಿತ್ತು. ಬಹುಶಃ ಕಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ. ಹಾಗಾಗಿ ಪರಿಶೀಲನೆಯ ಫಲವಾಗಿ ಬದಲಾಗಬೇಕಾದದ್ದು ಮೂಳೆ ವಾರ್ಡಿನ ದಾಖಲಾತಿ ನಮೂನೆ.

ಬಗೆಹರಿಯದ ಒಂದು ತೊಡಕು ಉಳಿದಿದೆ. ಕಾಯ್ದೆ ಕೇಳುವುದು ಮನೋವೈದ್ಯರ ಅನುಮತಿ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಮನೋವೈದ್ಯರು ಎಲ್ಲಿಂದ ಬರಬೇಕು? ತುರ್ತು ಚಿಕಿತ್ಸೆಗೆ ಸಂಬಂಧಿಸಿದ 94ನೇ ಕಲಮು ಸ್ವಲ್ಪ ದಾರಿ ಬಿಡುತ್ತದೆ. ಪ್ರಾಣಾಪಾಯ ಅಥವಾ ಗಂಭೀರ ಹಾನಿ ತಡೆಯಲು ಯಾವುದೇ ನೋಂದಾಯಿತ ವೈದ್ಯರು, ಪ್ರತಿನಿಧಿ ಲಭ್ಯವಿದ್ದರೆ ಅವರ ಒಪ್ಪಿಗೆ ಪಡೆದು, 72 ಗಂಟೆಯವರೆಗೆ ಚಿಕಿತ್ಸೆ ನೀಡಬಹುದು. ಆದರೆ ಆ ಕಲಮು ಚಿಕಿತ್ಸೆಯ ಬಗ್ಗೆ ಹೇಳುತ್ತದೆಯೇ ಹೊರತು ಕಟ್ಟುವುದರ ಬಗ್ಗೆ ಅಲ್ಲ. ಪ್ರಾಯೋಗಿಕವಾಗಿ ಸಾಧ್ಯವಿರುವುದು ಇಷ್ಟು: ಡ್ಯೂಟಿ ಡಾಕ್ಟರ್ ಆದೇಶಿಸಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರೊಂದಿಗೆ ಫೋನಿನಲ್ಲಿ ಚರ್ಚಿಸಿ, ಅವರ ಹೆಸರು, ಕರೆಯ ಸಮಯ ಮತ್ತು ಅವರು ಹೇಳಿದ್ದನ್ನು ಹಾಳೆಯಲ್ಲಿ ಬರೆಯುವುದು. ಯಾವ ರಾತ್ರಿ ಯಾರಿಗೆ ಕರೆ ಮಾಡಬೇಕೆಂಬ ಪಟ್ಟಿ ನೀತಿಪತ್ರಕ್ಕೆ ಲಗತ್ತಾಗಿ ಸಿಸ್ಟರ್‌ಗಳ ಮೇಜಿನ ಗಾಜಿನ ಕೆಳಗೆ ಇಲ್ಲದಿದ್ದರೆ, ಹಾಳೆಯಲ್ಲಿ ಆ ಅಂಕಣ ಖಾಲಿಯಾಗಿಯೇ ಉಳಿಯುತ್ತದೆ.